ಓಟಿಪಿ ಹೋದ ನಂಬರು

ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಅರ್ಜಿ ಕರೆದ ಸುದ್ದಿಯನ್ನು ಮನೆಗೆ ತಂದವಳು ಬಿಂದುವೇ. ಹರಿಹರದ ಅವರ ವಾರ್ಡಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಅದೇ ವಾರ್ಡಿನ ಹೆಣ್ಣುಮಗಳಾಗಿರಬೇಕು, ಪಿಯುಸಿ ಪಾಸಾಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಅವರ ಮನೆಯಲ್ಲಿ ಅಂಥವರು ಇಬ್ಬರಿದ್ದರು. ಕಿರಿಯ ಸೊಸೆ ಬಿಂದು, ಹಿರಿಯ ಸೊಸೆ ನಾಗರತ್ನ.

ಬಿಂದು ನಾಗರತ್ನಳನ್ನು ಅಕ್ಕ ಎಂದು ಕರೆಯುತ್ತಿದ್ದದ್ದು ಬಾಯಿಮಾತಿಗಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯ ರೊಟ್ಟಿ ತಟ್ಟಲು ಬಾರದೆ ಒದ್ದಾಡುವಾಗ ಅತ್ತೆ ಚೌಡವ್ವನ ಕಣ್ಣಿಗೆ ಬೀಳದಂತೆ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡವಳು ನಾಗರತ್ನ. ಬಾಣಂತನದಲ್ಲಿ ಎಣ್ಣೆ ಹಚ್ಚಿ ನೀರೆರೆದವಳೂ ಅವಳೇ. ಹಾಗಾಗಿ ಅರ್ಜಿಯ ಮಾತು ಬಂದಾಗ ಬಿಂದು ಮೊದಲು ಅವಳನ್ನೇ ಕೇಳಿದಳು. ಅಡುಗೆಮನೆಯಲ್ಲಿ ಇಬ್ಬರೇ ಇದ್ದರು.

"ಅಕ್ಕ, ನೀನು ಹಾಕೋದಾದ್ರೆ ನಾನು ಹಾಕಲ್ಲ. ನಿಂಗೆ ಬ್ಯಾಡ ಅನ್ನಿಸಿದ್ರೆ ಈಗ್ಲೇ ಹೇಳಿಬಿಡು."

ನಾಗರತ್ನ ಒಲೆಯ ಮೇಲಿಂದ ಕೈ ತೆಗೆಯದೆ ನಕ್ಕಳು. "ಇಬ್ರೂ ಹಾಕೋಣ ತಗ. ಯಾರಿಗೆ ಬಂದ್ರೂ ಮನೆಗೇ ಅಲ್ಲೇನು."

ಆ ಮಾತು ಅಲ್ಲಿಗೆ ಮುಗಿಯಿತು. ನಾಗರತ್ನಳ ಕಾಗದಪತ್ರಗಳನ್ನು ಹೊಂದಿಸಿಕೊಟ್ಟವಳು, ಫೋಟೊದ ಅಳತೆ ಸರಿಮಾಡಿಸಿದವಳು, ಅವಳ ಜೊತೆ ಆನ್‌ಲೈನ್ ಸೆಂಟರಿಗೆ ಹೋಗಿ ಕೂತವಳು ಎಲ್ಲ ಬಿಂದುವೇ. ನಾಗರತ್ನಳ ಅರ್ಜಿ ಒಂದೇ ಬಾರಿಗೆ ಹೋಯಿತು. ಬಿಂದುವಿನ ವಾಸಸ್ಥಳ ದೃಢೀಕರಣ ಪತ್ರ ಬರುವುದು ತಡವಾಗಿ, ಅವಳ ಅರ್ಜಿ ಕೊನೆಯ ದಿನದ ಹಿಂದಿನ ದಿನಕ್ಕೆ ಬಂದು ನಿಂತಿತು.

ಸೆಂಟರ್ ನಡೆಸುತ್ತಿದ್ದವನು ಅಂಜನಕುಮಾರ. ಬಸ್ ಸ್ಟ್ಯಾಂಡಿಗೆ ಹತ್ತಿರದ ಬೀದಿಯಲ್ಲಿ ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು ಇಟ್ಟುಕೊಂಡಿದ್ದ. ಮಾತು ಕಡಿಮೆ, ಕೆಲಸ ಚುರುಕು. ಅರ್ಜಿಯ ಮೊದಲ ಪುಟದಲ್ಲಿ ಬಿಂದುವಿನ ಮೊಬೈಲ್ ನಂಬರು ಹಾಕಿದ ಕೂಡಲೇ ಅವಳ ಫೋನಿಗೆ ಓಟಿಪಿ ಬಂತು. ಅವಳು ಓದಿ ಹೇಳಿದಳು. ಹೆಸರು, ವಿಳಾಸ, ಅಂಕಗಳು, ಅಪ್‌ಲೋಡು ಎಲ್ಲ ಸಲೀಸಾಗಿ ಮುಗಿದವು. ಉಳಿದದ್ದು ಕಡೆಯ ಒಂದು ಹೆಜ್ಜೆ, ಇ-ಸೈನ್. ಆಧಾರ್ ನಂಬರು ಹಾಕಿ, ಬರುವ ಓಟಿಪಿಯನ್ನು ಕೊಟ್ಟರೆ ಅದೇ ಸಹಿ. ಅದಾಗದಿದ್ದರೆ ಅರ್ಜಿ ಸಲ್ಲಿಸಿದ ಹಾಗಲ್ಲ.

ಅಂಜನಕುಮಾರ ಒತ್ತಿದ. ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ ಎಂದು ಪರದೆಯ ಮೇಲೆ ಬಂತು. ಬಿಂದು ಫೋನನ್ನು ಅಂಗೈಯಲ್ಲಿ ಹಿಡಿದು ಕಾದಳು. ಏನೂ ಬರಲಿಲ್ಲ. ಸರ್ವರ್ ಇರಬಹುದು ಎಂದು ಅವನು ಇನ್ನೊಮ್ಮೆ ಒತ್ತಿದ. ಬಿಂದು ಬೀದಿಗೆ ಹೋಗಿ ನಿಂತು ನೋಡಿದಳು, ಫೋನನ್ನು ಆಫ್ ಮಾಡಿ ಆನ್ ಮಾಡಿದಳು. ಅವನು ಮತ್ತೆ ಮತ್ತೆ ಒತ್ತಿದ. ಕಡೆಗೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಮೂಡಿತು.

ಏನಂತೆ ಎಂದು ಬಿಂದು ಕೇಳಿದಳು.

ಅಂಜನಕುಮಾರ ಓದಿ ಹೇಳಿದ. ಓಟಿಪಿ ಕಳಿಸೋ ಮಿತಿ ಮೀರಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಓದಿದ ಮೇಲೆ ಅವನು ಆ ಸಾಲನ್ನೇ ನೋಡುತ್ತ ಕುಳಿತ.

"ಬಿಂದಕ್ಕ, ಇದು ಸರ್ವರ್ ಪ್ರಾಬ್ಲಂ ಅಲ್ಲ," ಎಂದ. "ನಿಮ್ಮ ಆಧಾರಿಗೆ ನಂಬರೇ ಇರದಿದ್ರೆ, ಮೊಬೈಲ್ ನೋಂದಣಿ ಆಗಿಲ್ಲ ಅಂತ ಬರ್ತಿತ್ತು. ಇದು ಮಿತಿ ಮೀರೈತೆ ಅಂತೈತೆ. ಅಂದ್ರೆ ಪ್ರತಿ ಸಲಾನೂ ಓಟಿಪಿ ಹೋಗೈತೆ. ನಿಮ್ಮ ಫೋನಿಗಲ್ಲ, ಬ್ಯಾರೆ ಯಾವ್ದಕ್ಕೋ."

ಬಿಂದುವಿಗೆ ಅರ್ಥವಾಗಲಿಲ್ಲ. ಮೊದಲನೆಯ ಓಟಿಪಿ ತನ್ನ ಫೋನಿಗೇ ಬಂದಿತ್ತಲ್ಲ ಎಂದಳು. ಅದು ಅರ್ಜಿಯಲ್ಲಿ ನಾವು ಬರೆದ ನಂಬರಿಗೆ ಬಂದದ್ದು, ಇ-ಸೈನಿನದು ಆಧಾರಿನಲ್ಲಿ ಇರುವ ನಂಬರಿಗೇ ಹೋಗುತ್ತದೆ, ನಾವು ಇಲ್ಲಿ ಏನು ಬರೆದರೂ ಅದು ಕೇಳುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಆಮೇಲೆ ಆಧಾರಿನ ವೆಬ್‌ಸೈಟಿನಲ್ಲಿ ಕಾರ್ಡು ಚಾಲ್ತಿಯಲ್ಲಿದೆಯೇ ಎಂದು ನೋಡುವ ಪುಟ ತೆರೆದ. ಅದಕ್ಕೆ ಓಟಿಪಿ ಬೇಕಿಲ್ಲ. ಬಿಂದುವಿನ ಆಧಾರ್ ನಂಬರು ಹಾಕಿದಾಗ ವಯಸ್ಸಿನ ಅಂದಾಜು, ಹೆಣ್ಣು, ಕರ್ನಾಟಕ, ಅದರ ಕೆಳಗೆ ಮೊಬೈಲು ಎಂದು ತೋರಿಸಿತು. ಮೊದಲ ಅಂಕಿಗಳೆಲ್ಲ ಮರೆಯಾಗಿದ್ದವು. ಕೊನೆಯ ಮೂರು ಮಾತ್ರ ಕಾಣುತ್ತಿದ್ದವು: ಮೂರು, ಒಂದು, ಎಂಟು.

ಬಿಂದು ಸಮಾಧಾನದಿಂದ ಉಸಿರುಬಿಟ್ಟಳು. ಅದು ಅಕ್ಕನ ನಂಬರು.

ಅವಳಿಗೆ ಆಗ ನೆನಪಾಯಿತು. ಮದುವೆಯ ನಂತರ ಆಧಾರಿನಲ್ಲಿ ವಿಳಾಸ ಬದಲಿಸಲು ಹೋಗಿದ್ದಾಗ ಮನೆಯ ಹೆಂಗಸರ ನಡುವೆ ಇದ್ದದ್ದು ಒಂದೇ ಬಟನ್ ಫೋನು. ಮಷೀನಿನ ಮೇಲೆ ಬಿಂದು ಬೆರಳಿಡುತ್ತಿದ್ದಳು, ಪಕ್ಕದಲ್ಲಿ ನಿಂತ ನಾಗರತ್ನ ನಂಬರು ಹೇಳುತ್ತಿದ್ದಳು. ಅತ್ತೆಗೂ ಅದೇ ನಂಬರು ಕೊಟ್ಟಿದ್ದರು. ಆಮೇಲೆ ಬಿಂದುವಿಗೆ ಬೇರೆ ಫೋನು ಬಂತು, ಆ ಹಳೆಯ ಸಿಮ್ಮು ನಾಗರತ್ನಳ ಹೊಸ ಫೋನಿನ ಎರಡನೆಯ ಸಿಮ್ಮಿನ ಜಾಗ ಸೇರಿತು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಬೆರಳು ಒತ್ತಿದರೆ ಸಾಕಾಗುತ್ತಿದ್ದರಿಂದ ಆ ನಂಬರಿನ ಗೊಡವೆಗೆ ಯಾರೂ ಹೋಗಿರಲಿಲ್ಲ.

ಬಿಂದು ಅಲ್ಲಿಂದಲೇ ಅಕ್ಕನ ಹೊಸ ನಂಬರಿಗೆ ಫೋನು ಮಾಡಿದಳು. ಮರುದಿನ ಅಮಾವಾಸ್ಯೆ. ನಾಗರತ್ನ ಮತ್ತು ಅತ್ತೆ ಹೊಳೆದಂಡೆಯ ಉಕ್ಕಡಗಾತ್ರಿಯ ಗುಡಿಗೆ ಹೊರಟು ಬಸ್ಸಿನಲ್ಲಿದ್ದರು. ವಿಷಯ ಹೇಳಿದರೆ ನಾಗರತ್ನ ಮೊದಲು ಕೇಳಿಸಲಿಲ್ಲ ಎಂದಳು. ಆಮೇಲೆ ಯಾವ ಮೆಸೇಜೂ ಬಂದಿಲ್ಲ ಎಂದಳು. ಆ ಹಳೇ ಸಿಮ್ಮಿಗೆ ಕರೆನ್ಸಿ ಮುಗಿದಿದೆ, ಮೆಸೇಜು ಬರುವುದು ನಿಂತು ಬಹಳ ದಿನವಾಯಿತು ಎಂದಳು. ಬಸ್ಸಿನ ಗದ್ದಲದಲ್ಲಿ ಮಾತು ಕಡಿಯಿತು.

ಬಿಂದು ನಂಬಿದಳು. ಅಂಜನಕುಮಾರನಿಗೂ ಅದನ್ನೇ ಹೇಳಿದಳು. ಹೊಸ ನಂಬರು ಸೇರಿಸಲು ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟು ಬರಬಹುದು, ಆದರೆ ಅದು ಜಾರಿಗೆ ಬರಲು ದಿನಗಳು ಹಿಡಿಯಬಹುದು, ನಾಳೆ ಸಂಜೆಗೆ ಅರ್ಜಿ ಮುಚ್ಚುತ್ತದೆ ಎಂದು ಅವನೆಂದ. ಹಾಗಾದರೆ ಆ ಸಿಮ್ಮಿಗೆ ನಾನೇ ಕರೆನ್ಸಿ ಹಾಕಿಸುತ್ತೇನೆ ಎಂದು ಬಿಂದು ಮನೆಗೆ ಹೋದಳು.

ಬೆಳಿಗ್ಗೆ ಮೊಬೈಲ್ ಅಂಗಡಿ ತೆರೆಯುವ ಹೊತ್ತಿಗೆ ಅವಳು ಬಾಗಿಲಲ್ಲಿದ್ದಳು. ಅಂಗಡಿಯವನು ನಂಬರನ್ನು ಹಾಕಿ ನೋಡಿ, ಇದಕ್ಕೆ ಯಾಕೆ ಹಾಕಿಸುತ್ತೀರಿ, ಪ್ಲಾನು ಇನ್ನೂ ನಡೀತಾ ಐತಲ್ಲ ಎಂದ. ಬಿಂದು ನಂಬರನ್ನು ಮತ್ತೊಮ್ಮೆ ಓದಿ ಹೇಳಿದಳು. ಅವನು ಪರದೆಯನ್ನೇ ಅವಳ ಕಡೆ ತಿರುಗಿಸಿದ. ಮುಂದಿನ ತಿಂಗಳವರೆಗೂ ಪ್ಲಾನಿತ್ತು. ಯಾವತ್ತು ಹಾಕಿಸಿದ್ದೋ ಅವಳಿಗೆ ಬೇಕಿರಲಿಲ್ಲ. ಬೀದಿಗಿಳಿದು ಆ ನಂಬರಿಗೇ ಫೋನು ಮಾಡಿದಳು. ರಿಂಗಾಯಿತು. ಯಾರೋ ಕಟ್ ಮಾಡಿದರು.

ಸಿಮ್ಮು ಸತ್ತಿರಲಿಲ್ಲ. ನಿನ್ನೆ ಅಂಜನಕುಮಾರ ಒತ್ತಿದಾಗಲೆಲ್ಲ ಅಕ್ಕನ ಫೋನು ಸದ್ದು ಮಾಡಿತ್ತು. ಬಸ್ಸಿನಲ್ಲಿ ಕೂತು ಅವಳು ಅವೆಲ್ಲವನ್ನೂ ನೋಡಿದ್ದಳು. ಬಿಂದು ಫೋನು ಮಾಡುವ ಮೊದಲೇ ನೋಡಿದ್ದಳು.

ಅಷ್ಟಾದರೂ ಬಿಂದುವಿನ ಮನಸ್ಸು ಒಂದು ಕಾರಣವನ್ನು ಹುಡುಕುತ್ತಿತ್ತು. ಅಕ್ಕನಿಗೆ ಇಂಗ್ಲಿಷಿನ ಮೆಸೇಜು ತಿಳಿಯಲಿಲ್ಲವೇನೋ. ಯಾರಿಗೂ ಹೇಳಬೇಡಿ ಎಂದು ಅದರಲ್ಲಿ ಬರೆದಿರುತ್ತದೆ, ಹೆದರಿಕೊಂಡಳೇನೋ. ಅಂಜನಕುಮಾರನ ಬಳಿ ಹೋಗಿ ನಡೆದದ್ದನ್ನು ಹೇಳಿದಳು. ಅವನು ಯಾರನ್ನೂ ಅನ್ನಲಿಲ್ಲ. ಫೋನು ಇರುವಲ್ಲಿಗೇ ಹೋಗಿ, ಪಕ್ಕದಲ್ಲಿ ಕೂತು ನನಗೆ ಫೋನು ಮಾಡಿ, ನಾನಿಲ್ಲಿಂದ ಒತ್ತುತ್ತೇನೆ, ಬಂದದ್ದನ್ನು ಓದಿ ಹೇಳಿದರೆ ಮುಗಿಯಿತು, ಬಂದ ಓಟಿಪಿ ಹತ್ತು ನಿಮಿಷ ನಡೆಯುತ್ತದೆ ಎಂದ. ಇ-ಸೈನಿನ ಪುಟವನ್ನು ಸಿದ್ಧ ಇಟ್ಟುಕೊಂಡಿರುತ್ತೇನೆ ಎಂದೂ ಹೇಳಿದ.

ಉಕ್ಕಡಗಾತ್ರಿಗೆ ಹೋಗುವ ಅಮಾವಾಸ್ಯೆಯ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟಿದ್ದ ಬಿಂದು ನಂದಿಗುಡಿ ದಾಟುವವರೆಗೂ ನಿಂತೇ ಬಂದಳು. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಅವಳ ಬಗಲಲ್ಲಿ ಒಬ್ಬಾಕೆ ಎಡೆಗೆಂದು ಮಾಡಿದ ಹೋಳಿಗೆಯ ಡಬ್ಬಿಯನ್ನು ಎದೆಗವಚಿಕೊಂಡು, ಹರಕೆಯ ಕಥೆ ಹೇಳುತ್ತಿದ್ದಳು. ಬಿಂದು ಹೂಂ ಅನ್ನುತ್ತಿದ್ದಳು. ಅಕ್ಕ ತನ್ನನ್ನು ನೋಡಿದ ಕೂಡಲೇ ಏನನ್ನುತ್ತಾಳೆ ಎಂದು ಯೋಚಿಸುತ್ತಿದ್ದಳು. ಫೋನನ್ನು ಕೈಗಿಟ್ಟು, ನಂಗೆ ತಿಳೀಲಿಲ್ಲ ನೋಡೇ ಎನ್ನಬಹುದು. ಹಾಗೆಂದರೆ ಸಾಕು, ಮತ್ತೇನನ್ನೂ ಕೇಳಬಾರದು ಎಂದುಕೊಂಡಳು.

ಹೊಳೆಯ ದಂಡೆಯಲ್ಲಿ, ಒಣಹಾಕಿದ ಸೀರೆಗಳ ಸಾಲಿನಾಚೆ ಅವರು ಕಂಡರು. ಚೌಡವ್ವ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅನ್ನ ತಿರುವುತ್ತಿದ್ದಳು. ನಾಗರತ್ನ ಮಿಂದು, ಒದ್ದೆ ಕೂದಲು ಬಿಟ್ಟುಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಿಂದುವನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಅತ್ತೆ ಮಾತ್ರ, ಬಂದ್ಯಾ, ಕುಂದ್ರು, ಉಂಡು ಹೋಗು ಎಂದಳು.

ಬಿಂದು ಕೂತಳು. ಸಿಮ್ಮಿನ ವಿಷಯ ಎತ್ತಲಿಲ್ಲ, ಸುಳ್ಳು ಹೇಳಿದ್ದಿ ಎನ್ನಲಿಲ್ಲ. ಅಂಜನಕುಮಾರ ಈಗ ಕಳಿಸುತ್ತಾನೆ, ನಿನ್ನ ಫೋನಿಗೆ ಬಂದದ್ದನ್ನು ಓದಿ ಹೇಳಿದರಾಯಿತು ಎಂದಷ್ಟೇ ಹೇಳಿ, ತನ್ನ ಫೋನಿನಲ್ಲಿ ಅವನಿಗೆ ಕರೆ ಮಾಡಿದಳು. ಒತ್ತಿದೆ, ಓಟಿಪಿ ಹೋಗೈತೆ ಅಂತ ಬಂತು, ನೋಡ್ರಿ ಎಂದು ಅವನ ದನಿ ಕೇಳಿತು.

ನಾಗರತ್ನಳ ಬ್ಯಾಗಿನೊಳಗೆ ಫೋನು ಒಮ್ಮೆ ಸದ್ದು ಮಾಡಿತು.

ಮೂವರಿಗೂ ಕೇಳಿಸಿತು. ಚೌಡವ್ವ ಸೌಟನ್ನು ನಿಲ್ಲಿಸಿದಳು, ತಲೆ ಎತ್ತಲಿಲ್ಲ. ನಾಗರತ್ನ ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡಳು. ತೆಗೆಯಲಿಲ್ಲ.

"ಅಕ್ಕ, ಬಂತು," ಎಂದಳು ಬಿಂದು.

ನಾಗರತ್ನ ಹೊಳೆಯ ಕಡೆ ನೋಡುತ್ತಿದ್ದಳು. ಅಂಜನಕುಮಾರ ಫೋನಿನಲ್ಲಿ ಹೇಳ್ರಿ ಬಿಂದಕ್ಕ, ಎಷ್ಟೈತೆ ಎಂದು ಕೇಳಿದ. ಒಂದು ನಿಮಿಷ ಎಂದು ಬಿಂದು ಫೋನನ್ನು ಮಡಿಲಿಗಿಳಿಸಿದಳು. ಬ್ಯಾಗು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಕಿತ್ತುಕೊಳ್ಳಬಹುದಿತ್ತು. ಅವಳ ಕೈ ಒಮ್ಮೆ ಮುಂದಕ್ಕೂ ಹೋಯಿತು. ಆದರೆ ಅವಳಿಗೆ ಬೇಕಾಗಿದ್ದದ್ದು ಆ ಆರು ಅಂಕಿ ಮಾತ್ರವಾಗಿರಲಿಲ್ಲ. ಅಕ್ಕ ತಾನಾಗಿ ಕೊಡಬೇಕಿತ್ತು.

"ಕೊಡಲ್ಲೇನು?"

"ನಿಂಗೆ ಪಿಯುಸೀಲಿ ಎಂಬತ್ತೆರಡು ಪರ್ಸೆಂಟ್ ಐತೆ," ಎಂದಳು ನಾಗರತ್ನ, ಹೊಳೆಯ ಮೇಲಿಂದ ಕಣ್ಣು ಕೀಳದೆ. "ನಂದು ಐವತ್ತೊಂಬತ್ತು. ನಿನ್ನ ಅರ್ಜಿ ಹೋದ್ರೆ ನಂದು ನಿಲ್ಲಂಗಿಲ್ಲ. ನಂಗೆ ಈ ವರ್ಷ ವಯಸ್ಸು ಮುಗೀತೈತೆ ಬಿಂದು. ನಿಂಗೆ ಇನ್ನೂ ಬೇಕಾದಷ್ಟು ಐತೆ."

"ಅಡುಗೆಮನೇಲಿ ಕೇಳಿದ್ನಲ್ಲ ಅಕ್ಕ. ಬ್ಯಾಡ ಅಂದಿದ್ರೆ ಬಿಡ್ತಿದ್ದೆ."

ಬಾಯಿಬಿಟ್ಟು ಬ್ಯಾಡ ಅನ್ನಾಕೆ ನಾಚಿಕೆಯಾಯ್ತು ಎಂದು ನಾಗರತ್ನ ಗೊಣಗಿದಳು. ಆಮೇಲೆ ಆ ಮಾತಿನಿಂದ ಪಾರಾಗಲೆಂಬಂತೆ, "ಮಾರುತಿಗೂ ಗೊತ್ತು. ಅವ್ನನ್ನೇ ಕೇಳು," ಎಂದುಬಿಟ್ಟಳು.

ಮಾರುತಿ ಬಿಂದುವಿನ ಗಂಡ.

ಬಿಂದು ಅತ್ತೆಯ ಕಡೆ ತಿರುಗಿದಳು. ಚೌಡವ್ವ ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದು, ಯಾರಿಗೆ ಬಂದ್ರೇನು, ಮನೆಗೆ ಬಂದ್ರಾಯ್ತು ಎಂದಳು. ನಾಗರತ್ನ ಅಂದು ಅಡುಗೆಮನೆಯಲ್ಲಿ ಆಡಿದ್ದ ಮಾತೇ. ಆಗ ಅದು ಬಿಂದುವಿನ ಕಿವಿಗೆ ಸಿಹಿಯಾಗಿ ಕೇಳಿಸಿತ್ತು.

ಪಕ್ಕದ ಒಲೆಯವರು ಎಡೆ ಕಟ್ಟಿಕೊಂಡು ಗುಡಿಯ ಕಡೆ ಹೋದರು. ಒಂದು ಮಗು ನೀರಿಗಿಳಿಯಲು ಹಟ ಮಾಡುತ್ತಿತ್ತು, ತಾಯಿ ಬೈಯುತ್ತಿದ್ದಳು. ಮಡಿಲಿನಲ್ಲಿದ್ದ ಫೋನಿನಿಂದ ಅಂಜನಕುಮಾರನ ದನಿ ಬರುತ್ತಲೇ ಇತ್ತು. ಕಡೆಗೆ ಬಿಂದು ಅದನ್ನು ಕಿವಿಗಿಟ್ಟುಕೊಂಡಳು. ಟೈಮ್ ಮುಗೀತು, ಮತ್ತೊಂದ್ಸಲ ಕಳಿಸ್ಲೇನು ಎಂದು ಅವನು ಕೇಳಿದ. ಬ್ಯಾಡ ಎಂದಳು ಬಿಂದು. ಎದ್ದು ಸೀರೆಯ ಮರಳು ಕೊಡವಿಕೊಂಡು ಬಸ್ಸಿನ ಕಡೆ ನಡೆದಳು. ಉಂಡು ಹೋಗು ಎಂದು ಅತ್ತೆ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಹರಿಹರದಲ್ಲಿ ಅವಳು ಮನೆಗೆ ಹೋಗಲಿಲ್ಲ. ದಾವಣಗೆರೆಯ ಬಸ್ಸು ಹತ್ತಿದಳು. ಮಾರುತಿ ಅಲ್ಲಿಯ ಎಪಿಎಂಸಿಯಲ್ಲಿ ಲಗೇಜ್ ಆಟೊ ಓಡಿಸುತ್ತಿದ್ದ. ಅವಳು ಹೋದಾಗ ಹಮಾಲರು ಅವನ ಗಾಡಿಗೆ ಮೆಕ್ಕೆಜೋಳದ ಚೀಲ ಹೇರುತ್ತಿದ್ದರು. ಅವನು ಅವಳನ್ನು ಕಂಡವನೇ ಓಡಿ ಬಂದ, ಮಗುವಿಗೇನಾದರೂ ಆಯಿತೇ ಎಂದು. ಇಲ್ಲ ಎಂದು ಬಿಂದು ನಡೆದದ್ದನ್ನು ಹೇಳಿದಳು. ಹೇಳುತ್ತಿದ್ದಂತೆ ಅವನ ಮುಖದಲ್ಲಿದ್ದ ಗಾಬರಿ ಇಳಿಯಿತು. ಅದು ಇಳಿದ ರೀತಿಯಿಂದಲೇ ಅವಳಿಗೆ ಎಲ್ಲ ತಿಳಿಯಿತು.

ನಿನ್ನೆ ನಾಗರತ್ನ ಬಸ್ಸಿನಿಂದಲೇ ಅವನಿಗೆ ಫೋನು ಮಾಡಿದ್ದಳು. ಬಿಂದುವಿನ ಓಟಿಪಿಗಳು ತನಗೆ ಬರುತ್ತಿವೆ, ಏನು ಮಾಡಲಿ ಎಂದು ಅಳುತ್ತ ಕೇಳಿದ್ದಳು. ಸುಮ್ಮನಿದ್ದುಬಿಡಿ ಎಂದು ಹೇಳಿದವನು ಮಾರುತಿ. ಅಣ್ಣ ಗುತ್ತೆಪ್ಪನಿಗೆ ಕೈಯಲ್ಲಿ ಕೆಲಸವಿಲ್ಲ, ಅತ್ತಿಗೆಗೆ ಇದು ಕಡೆಯ ಅವಕಾಶ, ಬಿಂದುವಿಗೆ ಮುಂದೆ ಇನ್ನೊಂದು ಬರುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ರಾತ್ರಿ ಊಟಕ್ಕೆ ಕೂತಾಗ ಬಿಂದು ಸಿಮ್ಮಿಗೆ ಕರೆನ್ಸಿ ಹಾಕಿಸುವ ಮಾತಾಡಿದ್ದಳು. ಅವನು ಹೂಂ ಎಂದು ಅನ್ನ ಕಲಸಿಕೊಂಡಿದ್ದ.

"ನಂಗೆ ಹೇಳಬಹುದಿತ್ತಲ್ರಿ," ಎಂದಳು.

"ಹೇಳಿದ್ರೆ ನೀನು ಕೇಳ್ತಿದ್ದಿಲ್ಲ."

"ಕೇಳ್ತಿದ್ದೆ. ನೀವು ಕೇಳಿ ನೋಡ್ಬೇಕಿತ್ತು."

ಮಾರುತಿ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತ. ಚೀಲ ಹೇರುವುದು ಮುಗಿದಿದೆ ಎಂದು ಹಮಾಲರಲ್ಲೊಬ್ಬ ಕೂಗಿದ. ಈಗಲೂ ಟೈಮ್ ಐತೇನು, ನಾನೇ ಅತ್ತಿಗೆಗೆ ಫೋನ್ ಮಾಡಿ ಕೊಡು ಅಂತೀನಿ ಎಂದು ಅವನು ಜೇಬಿಗೆ ಕೈ ಹಾಕಿದ. ಇನ್ನೂ ಹೊತ್ತಿತ್ತು. ಅಂಜನಕುಮಾರ ಅಂಗಡಿಯಲ್ಲೇ ಇದ್ದ. ಬಿಂದು ಗಂಡನ ಕೈಯನ್ನು ನೋಡಿದಳು. ಅವನು ನಿಜವಾಗಿ ಮಾಡುವವನೇ. ಅತ್ತಿಗೆ ಅವನ ಮಾತಿಗೆ ಕೊಟ್ಟೂ ಬಿಡುವಳು. ಆಮೇಲೆ ಆ ಕೆಲಸ ಬಂದರೆ, ಅದು ಅವನು ಹೇಳಿ ಕೊಡಿಸಿದ್ದಾಗುತ್ತಿತ್ತು. ಬರದಿದ್ದರೂ ಅಷ್ಟೇ.

ಬೇಡ ಎಂದು ಹೇಳಿ ಅವಳು ಹೊರಟಳು.

ಆಧಾರ್ ಕೇಂದ್ರ ಎಲ್ಲಿದೆ ಎಂದು ಕೇಳಿಕೊಂಡು ಹೋಗುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿತ್ತು. ಕೌಂಟರಿನಲ್ಲಿದ್ದ ಹೆಂಗಸಿನ ಹೆಸರು ನಿರ್ಮಲಮ್ಮ ಎಂದು ಬೋರ್ಡು ಹೇಳುತ್ತಿತ್ತು. ಮೊದಲು ನಾಳೆ ಬರ್ರಿ ಎಂದವಳು, ಬಿಂದುವಿನ ಮುಖ ನೋಡಿ, ಕೂಡ್ರಿ ಎಂದು ಮಷೀನನ್ನು ಮತ್ತೆ ಹಚ್ಚಿದಳು. ಕಾಗದಪತ್ರವೇನೂ ಬೇಡ, ಬೆರಳು ಕೊಟ್ಟರಾಯಿತು ಎಂದಳು. ಬೆರಳುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಇಡಿಸಿದ ಮೇಲೆ, ನಂಬರು ಹೇಳ್ರಿ ಎಂದಳು. ಬಿಂದು ಹೇಳಿದಳು. ಇದು ಯಾರ ಹತ್ರ ಇರತೈತೆ, ಯಜಮಾನರ ಹತ್ರಾನೋ ನಿಮ್ಮ ಹತ್ರಾನೋ ಎಂದು ಅವಳು ಕೇಳಿದಳು. ದಿನವೂ ಎಲ್ಲರನ್ನೂ ಕೇಳುವ ಪ್ರಶ್ನೆಯಿರಬೇಕು, ದನಿಯಲ್ಲಿ ಏನೂ ಇರಲಿಲ್ಲ. ನನ್ನ ಹತ್ರ ಎನ್ನುವಾಗ ಬಿಂದುವಿಗೆ ಅಂದು ಮೊದಲ ಸಲ ಅಳು ಬಂತು. ನಿರ್ಮಲಮ್ಮ ಪರದೆಯ ಕಡೆ ತಿರುಗಿ, ಅವಳು ಕಣ್ಣೊರೆಸಿಕೊಳ್ಳುವವರೆಗೆ ನಿಧಾನವಾಗಿ ಟೈಪು ಮಾಡಿದಳು.

ಅವಳು ಹೊರಬರುವ ಹೊತ್ತಿಗೆ ಅರ್ಜಿಯ ಅವಧಿ ಮುಗಿದಿತ್ತು.

ಆಯ್ಕೆಯ ಪಟ್ಟಿಯಲ್ಲಿ ನಾಗರತ್ನಳ ಹೆಸರು ಬಂತು. ವಾರ್ಡಿನಿಂದ ಅರ್ಜಿ ಹಾಕಿದ ಉಳಿದವರ ಅಂಕಗಳು ಅವಳಿಗಿಂತ ಕಡಿಮೆ ಇದ್ದವು. ಆಕ್ಷೇಪಣೆ ಸಲ್ಲಿಸಬೇಕೆಂದರೆ ಇನ್ನೂ ದಿನಗಳಿವೆ ಎಂದು ಅಂಜನಕುಮಾರ ಬಿಂದುವಿಗೆ ಹೇಳಿದ. ಅವಳ ಅರ್ಜಿಯ ಸ್ಥಿತಿಯನ್ನು ತೆರೆದು ತೋರಿಸಿದ. ಇ-ಸೈನ್ ಬಾಕಿ ಎಂದಷ್ಟೇ ಅದರಲ್ಲಿತ್ತು. ಏನೆಂದು ಆಕ್ಷೇಪಿಸುವುದು? ಓಟಿಪಿ ಹೋಗಿದೆ, ಮನೆಯವರಿಗೇ ಹೋಗಿದೆ. ಸರ್ಕಾರದ ಕಡೆಯಿಂದ ಯಾವ ತಪ್ಪೂ ಇರಲಿಲ್ಲ.

ಮನೆಯಲ್ಲಿ ಸಂಭ್ರಮವಾಯಿತು. ಚೌಡವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಗುತ್ತೆಪ್ಪ ಬಿಂದುವಿನ ಎದುರು ಬಂದವನು ಹಾಗೇ ಹೊರಗೆ ಹೋದ. ಜಗಳ ಆಗಲಿಲ್ಲ. ಬಿಂದು ಎಂದಿನಂತೆ ಏಳುತ್ತಿದ್ದಳು, ಅಡುಗೆ ಮಾಡುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಯಾರನ್ನೂ ಏನನ್ನೂ ಕೇಳುವುದನ್ನು ಬಿಟ್ಟಳು. ಮಾರುತಿ ಇದನ್ನು ಗಮನಿಸಲು ಕೆಲವು ದಿನ ಬೇಕಾಯಿತು. ಗಮನಿಸಿದ ಮೇಲೆ ಅವನಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಒಂದು ವಾರದ ಮೇಲೆ ನಾಗರತ್ನ ಇಲಾಖೆಯವರು ಕೊಟ್ಟ ಫೋನನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಕ್ಕಳ ತೂಕ, ಹಾಜರಿ ಎಲ್ಲ ಅದರಲ್ಲೇ ತುಂಬಬೇಕಿತ್ತು. ಅವಳಿಗೆ ಬಗೆಹರಿಯುತ್ತಿರಲಿಲ್ಲ. ಮೊದಲಾಗಿದ್ದರೆ ಬಿಂದು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

"ಬಿಂದು, ಒಂದೀಟು ತೋರಿಸ್ತೀಯೇನೆ?"

ಬಿಂದು ಸೊಪ್ಪು ಸೋಸುತ್ತಿದ್ದಳು. ಅಕ್ಕನ ಕಣ್ಣ ಕೆಳಗೆ ಕಪ್ಪಾಗಿರುವುದು ಅವಳಿಗೆ ಕಾಣಿಸಿತು. ಇಲ್ಲ ಎನ್ನಲು ಅವಳಿಗೆ ನಾಚಿಕೆಯಾಗಲಿಲ್ಲ.

"ಇಲ್ಲಕ್ಕ," ಎಂದಳು. "ನಂಗೆ ಮನಸ್ಸಿಲ್ಲ."

ನಾಗರತ್ನ ಫೋನು ಹಿಡಿದುಕೊಂಡು ಹೊರಗೆ ಹೋದಳು. ಬಿಂದು ಸೊಪ್ಪನ್ನು ನೀರಿಗೆ ಹಾಕಿ, ಮಣ್ಣು ತಳಕ್ಕಿಳಿಯಲೆಂದು ಬಿಟ್ಟು, ಒಲೆ ಹಚ್ಚಿದಳು.